ಸಭಾಕಂಪ: ಕೈ ನಡುಕದಿಂದ ತಲೆ ಖಾಲಿಯಾಗುವವರೆಗೆ, ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡಬೇಕು ಅಂದರೆ ಕೈಕಾಲು ತಣ್ಣಗಾಗುವವರಿಗೆ ಈ ಪುಟ. ಒಳ್ಳೆಯ ಭಾಷಣಕಾರರಾಗುವುದು ಹೇಗೆ ಅನ್ನುವುದು ಇಲ್ಲಿಲ್ಲ. ಭಯ ಇದ್ದಾಗಲೂ ಮಾತು ಮುಗಿಸುವುದು ಹೇಗೆ, ಆ ಭಯ ನಿಧಾನವಾಗಿ ಇಳಿಯಬೇಕಾದರೆ ಏನು ಮಾಡಬೇಕು, ಇಷ್ಟೇ.

ಮಾತಾಡಲು ಎದ್ದ ಕೂಡಲೇ ಕೈ ಯಾಕೆ ನಡುಗುತ್ತದೆ?

ಅದು ಅಡ್ರಿನಲಿನ್ ಅನ್ನುವ ಹಾರ್ಮೋನ್ ಮಾಡುವ ಕೆಲಸ. ಎದುರಿಗೆ ಹಾವು ಬಂದರೂ ಅಷ್ಟೇ, ಮೂವತ್ತು ಜನ ಒಟ್ಟಿಗೆ ನಿಮ್ಮ ಕಡೆ ತಿರುಗಿ ನೋಡಿದರೂ ಅಷ್ಟೇ, ದೇಹ ಓಡಲು ಇಲ್ಲವೇ ಬಡಿದಾಡಲು ತಯಾರಾಗಿಬಿಡುತ್ತದೆ. ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ಚರ್ಮದ ಕೆಳಗಿನ ರಕ್ತನಾಳಗಳು ಕಿರಿದಾಗಿ ಬೆರಳು ತಣ್ಣಗಾಗುತ್ತವೆ, ಬಾಯಿ ಒಣಗುತ್ತದೆ. ಇನ್ನು ನಡುಕ. ಕಣ್ಣಿಗೆ ಕಾಣದಷ್ಟು ಸಣ್ಣ ನಡುಕ ಎಲ್ಲರ ಕೈಯಲ್ಲೂ ಯಾವಾಗಲೂ ಇದ್ದೇ ಇರುತ್ತದೆ. ಅಡ್ರಿನಲಿನ್ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೇ.

ನಡುಕ ನಿಲ್ಲಿಸಬೇಕು ಅಂತ ನಾವು ಕೈಯನ್ನು ಬಿಗಿ ಹಿಡಿಯುತ್ತೇವೆ. ಬಿಗಿಯಾದ ಸ್ನಾಯು ಇನ್ನೂ ಜಾಸ್ತಿ ನಡುಗುತ್ತದೆ. ಕೈಯಲ್ಲಿ ತೆಳ್ಳಗಿನ ಹಾಳೆ ಇದ್ದರಂತೂ ಕೇಳುವುದೇ ಬೇಡ, ಪರಪರ ಸದ್ದು ಮೈಕ್‌ವರೆಗೂ ಹೋಗುತ್ತದೆ. ಆದ್ದರಿಂದ ಮುಂದಿನ ವಾರವೇ ಮಾತಾಡಬೇಕಾಗಿ ಬಂದವರು ಇಷ್ಟು ಮಾಡಬಹುದು. ಹಾಳೆ ಬಿಟ್ಟು ಅಂಗೈ ಅಗಲದ ದಪ್ಪ ಕಾರ್ಡ್ ಹಿಡಿಯಿರಿ. ಮೈಕ್ ಕೈಯಲ್ಲಿದ್ದರೆ ಮೊಣಕೈಯನ್ನು ಪಕ್ಕೆಗೆ ತಾಗಿಸಿಕೊಳ್ಳಿ. ಮೇಜಿದ್ದರೆ ಬೆರಳ ತುದಿಗಳನ್ನು ಅದರ ಮೇಲೆ ಸುಮ್ನೆ ಊರಿ, ಒತ್ತಬೇಡಿ. ಲೇಸರ್ ಪಾಯಿಂಟರ್ ಮುಟ್ಟಲೇಬೇಡಿ, ಕೈಯ ಸಣ್ಣ ನಡುಕವೂ ಗೋಡೆಯ ಮೇಲೆ ಕುಣಿಯುತ್ತದೆ.

ಇವು ಆ ದಿನದ ಮಟ್ಟಿಗೆ ಸಾಲುತ್ತವೆ. ಇವನ್ನೇ ಕಾಯಂ ಮಾಡಿಕೊಂಡರೆ ಯಾಕೆ ತೊಂದರೆ ಅನ್ನುವುದನ್ನು ಕೆಳಗೆ ಹೇಳಿದ್ದೇನೆ.

ಧ್ವನಿಯೂ ನಡುಗುತ್ತದಲ್ಲ?

ಹೆದರಿದಾಗ ಉಸಿರು ಎದೆಯ ಮೇಲ್ಭಾಗದಲ್ಲೇ ಓಡಾಡುತ್ತದೆ, ಗಂಟಲಿನ ಸ್ನಾಯುಗಳು ಬಿಗಿಯುತ್ತವೆ. ಅರ್ಧ ಉಸಿರಿನಲ್ಲಿ ಉದ್ದದ ವಾಕ್ಯ ಶುರು ಮಾಡಿದರೆ ಕೊನೆಗೆ ಗಾಳಿ ಸಾಲದೆ ಧ್ವನಿ ಸಣ್ಣಗಾಗಿ ಅಲುಗಾಡುತ್ತದೆ. ಮೊದಲ ನಾಲ್ಕೈದು ವಾಕ್ಯಗಳನ್ನು ಚಿಕ್ಕದಾಗಿ ಬರೆದುಕೊಳ್ಳಿ, ಒಂದೊಂದರ ಕೊನೆಗೂ ನಿಂತು ಉಸಿರು ತೆಗೆದುಕೊಳ್ಳಿ. ಇನ್ನೊಂದು, ಮಾಮೂಲಿಗಿಂತ ಸ್ವಲ್ಪ ಜೋರಾಗಿ ಶುರು ಮಾಡಿ. ಮೆಲ್ಲಗೆ ಮಾತಾಡಿದಷ್ಟೂ ನಡುಕ ಎದ್ದು ಕೇಳುತ್ತದೆ.

ಎದೆ ಬಡಿತ ಇಳಿದ ಮೇಲೆ ಮಾತು ಶುರು ಮಾಡಿದರೆ ಆಗಲ್ವಾ?

ಆಗಲ್ಲ. ಅದು ಕಾಯುತ್ತಾ ಕೂತರೆ ಇಳಿಯುವಂಥದ್ದಲ್ಲ, ಮಾತಾಡುತ್ತಾ ಮಾತಾಡುತ್ತಾ ಇಳಿಯುವಂಥದ್ದು. ಬಹಳಷ್ಟು ಜನರಲ್ಲಿ ಆತಂಕ ಅತಿ ಹೆಚ್ಚಿರುವುದು ಹೆಸರು ಕರೆಯುವ ಮುಂಚಿನ ಕೆಲವು ನಿಮಿಷ ಮತ್ತು ಮಾತಿನ ಮೊದಲ ಒಂದೆರಡು ನಿಮಿಷ. ಆಮೇಲೆ ತಾನಾಗಿಯೇ ಇಳಿಯಲು ಶುರುವಾಗುತ್ತದೆ.

ಆದರೆ ನಾವು ಅಭ್ಯಾಸ ಮಾಡುವುದು ಹೇಗೆ? ಇಡೀ ಭಾಷಣವನ್ನು ಒಂದೇ ಸಮ ಅಭ್ಯಾಸ ಮಾಡುತ್ತೇವೆ. ನಾನು ಹೇಳುವುದು, ಮೊದಲ ಒಂದೂವರೆ ನಿಮಿಷಕ್ಕೆ ಉಳಿದದ್ದಕ್ಕಿಂತ ಮೂರು ಪಟ್ಟು ಸಮಯ ಕೊಡಿ. ಆ ಭಾಗದಲ್ಲಿ ಅಂಕಿ ಬೇಡ, ಉದ್ದದ ಹೆಸರು ಬೇಡ, ತಮಾಷೆ ಅಂತೂ ಬೇಡವೇ ಬೇಡ. ತಮಾಷೆಗೆ ಜನ ನಗದೇ ಇದ್ದರೆ ಆಗಲೇ ಹೆದರಿರುವ ನಿಮಗೆ ಅದೇ ಸಾಕು. ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಬಲ್ಲಷ್ಟು ಸರಳವಾದ ಸಂಗತಿ ಇಡಿ: ನಾನು ಯಾರು, ಯಾವ ವಿಷಯ, ಅದು ಇಲ್ಲಿರುವವರಿಗೆ ಯಾಕೆ ಬೇಕು.

ನಾನು ಹೆದರಿದ್ದು ಎಲ್ಲರಿಗೂ ಗೊತ್ತಾಗುತ್ತದೆ, ಅಲ್ವಾ?

ನೀವು ಅಂದುಕೊಂಡಷ್ಟು ಗೊತ್ತಾಗುವುದಿಲ್ಲ. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣ ಮಾಡಿದವರು ತಾವು ಎಷ್ಟು ಹೆದರಿದಂತೆ ಕಂಡೆವು ಅಂತ ಅಂದಾಜು ಮಾಡಿದ್ದರೋ ಕೇಳುಗರಿಗೆ ಅದಕ್ಕಿಂತ ಕಡಿಮೆಯೇ ಕಂಡಿತ್ತು. ಇನ್ನೂ ಮಜಾ ಏನೆಂದರೆ, ಕೆಲವರಿಗೆ ಮಾತಾಡುವ ಮೊದಲೇ ಈ ಸಂಗತಿಯನ್ನು ವಿವರಿಸಿದ್ದರು. ಅವರ ಮಾತು ಉಳಿದವರಿಗಿಂತ ಚೆನ್ನಾಗಿ ಬಂತು. ಅದು ಅವರಿಗಷ್ಟೇ ಅನಿಸಿದ್ದಲ್ಲ, ಕೇಳಿದವರೂ ಹಾಗೇ ಹೇಳಿದರು.

ಕಾರಣ ಸರಳ. ನಿಮ್ಮ ಎದೆ ಬಡಿತ ನಿಮ್ಮ ಕಿವಿಗೆ ಕೇಳುತ್ತದೆ, ಮೂರನೇ ಸಾಲಿನಲ್ಲಿ ಕೂತವರಿಗೆ ಕೇಳುವುದಿಲ್ಲ. ಒಳಗಿನ ಗದ್ದಲವನ್ನೆಲ್ಲ ಹೊರಗೂ ಕಾಣುತ್ತಿದೆ ಅಂತ ಲೆಕ್ಕ ಹಾಕಿಬಿಡುತ್ತೇವೆ.

ನಂಬಿಕೆ ಬರದಿದ್ದರೆ ಪರೀಕ್ಷೆ ಮಾಡಿ. ಫೋನ್ ನಿಲ್ಲಿಸಿ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ನೋಡುವ ಮೊದಲು ಬರೆದಿಡಿ: ಕೈ ನಡುಕ ಎಷ್ಟು ಕಾಣಬಹುದು, ಮುಖ ಎಷ್ಟು ಕೆಂಪಾಗಿರಬಹುದು, ಎಷ್ಟು ಸಲ ತೊದಲಿರಬಹುದು, ಹತ್ತಕ್ಕೆ ಎಷ್ಟು ಅಂತ. ಆಮೇಲೆ ಬೇರೆ ಯಾರದೋ ವಿಡಿಯೋ ನೋಡುವವರ ಹಾಗೆ ನೋಡಿ ಮತ್ತೆ ಅಂಕ ಕೊಡಿ. ಮೊದಲು ಬರೆದಿಡುವುದನ್ನು ಬಿಟ್ಟರೆ ಉಪಯೋಗ ಇಲ್ಲ. ಬರೆಯದೆ ನೋಡಿದರೆ ಆಗಿನ ಭಯವೇ ಮತ್ತೆ ಬಂದು, ಕಂಡದ್ದೆಲ್ಲ ಕೆಟ್ಟದಾಗಿಯೇ ಕಾಣುತ್ತದೆ.

ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿದರೂ ಎದ್ದು ನಿಂತಾಗ ತಲೆ ಖಾಲಿಯಾಗುತ್ತದೆ. ಯಾಕೆ?

ಬಾಯಿಪಾಠ ಮಾಡಿದ್ದಕ್ಕೇ ಅಂತ ಹೇಳಿದರೆ ಬೇಜಾರಾಗಬೇಡಿ. ಪದ ಪದವೂ ಬಾಯಿಪಾಠ ಮಾಡಿದ ಮಾತು ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ. ಒಂದು ವಾಕ್ಯದ ಕೊನೆ ಮುಂದಿನ ವಾಕ್ಯದ ಮೊದಲ ಪದವನ್ನು ಎಳೆದು ತರುತ್ತದೆ. ನಡುವೆ ಒಂದು ಪದ ಸಿಗದಿದ್ದರೆ ಮುಂದಿನದಕ್ಕೆ ಹೋಗಲು ಬೇರೆ ದಾರಿಯೇ ಇರುವುದಿಲ್ಲ, ಮತ್ತೆ ಮೊದಲಿಂದ ಶುರು ಮಾಡಬೇಕು.

ಇದರ ಜೊತೆಗೆ ಇನ್ನೆರಡು ಸಂಗತಿ ಸೇರುತ್ತವೆ. ಒತ್ತಡದಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಏರುತ್ತದೆ, ಅದು ಕಲಿತದ್ದನ್ನು ನೆನಪಿಗೆ ತರುವ ಕೆಲಸಕ್ಕೆ ಅಡ್ಡ ಬರುತ್ತದೆ. ಕಲಿತದ್ದು ಅಳಿಸಿಹೋಗಿರುವುದಿಲ್ಲ, ಕೂತ ಹತ್ತು ನಿಮಿಷಕ್ಕೆ ಎಲ್ಲ ನೆನಪಾಗುತ್ತದಲ್ಲ, ಅದೇ ಸಾಕ್ಷಿ. ಎರಡನೆಯದು ಗಮನ. ತಲೆಯಲ್ಲಿ ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವ ಜಾಗ ತುಂಬ ಕಡಿಮೆ. ಆ ಜಾಗದಲ್ಲಿ "ಧ್ವನಿ ನಡುಗುತ್ತಿದೆಯಾ, ಅವರು ಯಾಕೆ ಹಾಗೆ ನೋಡುತ್ತಿದ್ದಾರೆ, ಎಷ್ಟು ಸ್ಲೈಡ್ ಉಳಿದಿದೆ" ಅನ್ನುವುದೇ ತುಂಬಿಕೊಂಡರೆ ಮುಂದಿನ ವಾಕ್ಯಕ್ಕೆ ಜಾಗ ಎಲ್ಲಿ?

ಹಾಗಾದರೆ ತಯಾರಿ ಹೇಗೆ? ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು ವಾಕ್ಯ, ಇಷ್ಟು ಮಾತ್ರ ಬಾಯಿಪಾಠ. ನಡುವಿನದನ್ನು ನಾಲ್ಕೋ ಐದೋ ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಪ್ರಶ್ನೆ ಇಟ್ಟುಕೊಳ್ಳಿ. "ಸಮಸ್ಯೆ ಯಾವಾಗ ಶುರುವಾಯಿತು?" "ಏನು ಮಾಡಿ ನೋಡಿದೆವು?" "ಈಗ ಏನು ಬೇಕು?" ಹೀಗೆ. ಪ್ರಶ್ನೆ ನೆನಪಾದರೆ ಉತ್ತರ ಯಾವುದೋ ಒಂದು ರೂಪದಲ್ಲಿ ಬಂದೇ ಬರುತ್ತದೆ, ಯಾಕೆಂದರೆ ವಿಷಯ ನಿಮಗೆ ಗೊತ್ತಿದೆ. ಅಭ್ಯಾಸ ಮಾಡುವಾಗ ಪ್ರತಿ ಸಲವೂ ಬೇರೆ ಮಾತಿನಲ್ಲೇ ಹೇಳಿ. ಇನ್ನೊಂದು, ಒಂದು ದಿನ ಮೂರನೇ ತುಂಡಿನಿಂದ ಶುರು ಮಾಡಿ, ಇನ್ನೊಂದು ದಿನ ಕೊನೆಯದರಿಂದ. ಎಲ್ಲಿಂದ ಬೇಕಾದರೂ ಹತ್ತಬಲ್ಲವರಿಗೆ ಎಲ್ಲಿ ಜಾರಿದರೂ ಅಷ್ಟು ಭಯ ಇರುವುದಿಲ್ಲ.

ದಪ್ಪ ಕಾರ್ಡ್ ಮೇಲೆ ಬರೆಯಬೇಕಾದ್ದು ಈ ಪ್ರಶ್ನೆಗಳನ್ನು ಮಾತ್ರ, ದೊಡ್ಡ ಅಕ್ಷರದಲ್ಲಿ. ಪೂರ್ತಿ ವಾಕ್ಯ ಬರೆದರೆ ಹೆದರಿದ ಕಣ್ಣಿಗೆ ಯಾವ ಸಾಲಿನಲ್ಲಿದ್ದೆ ಅನ್ನುವುದೇ ಸಿಗುವುದಿಲ್ಲ.

ಸರಿ, ಆದರೂ ಖಾಲಿಯಾಯಿತು. ಆ ಕ್ಷಣಕ್ಕೆ ಏನು ಮಾಡಲಿ?

ಮೊದಲು ಬಾಯಿ ಮುಚ್ಚಿ. ನಿಜವಾಗಿ. "ಅಂ... ಅದು... ಸಾರಿ..." ಅಂತ ತುಂಬಿಸಲು ಹೋದರೆ ಕೇಳುಗರಿಗೆ ತೊಂದರೆ ಆಗಿರುವುದು ಗೊತ್ತಾಗುತ್ತದೆ, ಸುಮ್ಮನೆ ನಿಂತರೆ ಯೋಚಿಸುತ್ತಿದ್ದೀರಿ ಅಂದುಕೊಳ್ಳುತ್ತಾರೆ. ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಕಾರ್ಡ್ ನೋಡಿ, ಕದ್ದು ನೋಡಬೇಡಿ, ಎಲ್ಲರಿಗೂ ಕಾಣುವ ಹಾಗೆ ತಲೆ ಬಗ್ಗಿಸಿ ನೋಡಿ. ಪ್ರಶ್ನೆ ಸಿಕ್ಕರೆ ಅದನ್ನೇ ಗಟ್ಟಿಯಾಗಿ ಕೇಳಿ: "ಹಾಗಾದರೆ ನಾವು ಏನು ಮಾಡಿ ನೋಡಿದೆವು?" ಆಗ ಮಾತು ಮತ್ತೆ ಹತ್ತಿಕೊಳ್ಳುತ್ತದೆ.

ಕಾರ್ಡ್ ನೋಡಿದರೂ ಹೊಳೆಯಲಿಲ್ಲವೇ? ಈಗಷ್ಟೇ ಹೇಳಿದ್ದನ್ನು ಬೇರೆ ಮಾತಿನಲ್ಲಿ ಇನ್ನೊಮ್ಮೆ ಹೇಳಿ. ಅದೂ ಆಗದಿದ್ದರೆ ಒಂದು ತುಂಡು ಬಿಟ್ಟು ಮುಂದಕ್ಕೆ ಹೋಗಿ. ನೀವು ಬಿಟ್ಟದ್ದು ಏನು ಅಂತ ಕೂತವರಿಗೆ ಗೊತ್ತಿರುವುದಿಲ್ಲ. ಎಲ್ಲ ದಾರಿಯೂ ಮುಚ್ಚಿತು ಅನಿಸಿದರೆ "ಒಂದು ನಿಮಿಷ, ನನ್ನ ಟಿಪ್ಪಣಿ ನೋಡಿಕೊಳ್ಳುತ್ತೇನೆ" ಅನ್ನಿ, ಅಷ್ಟೇ. ಕ್ಷಮೆ ಕೇಳುವುದು, "ತುಂಬ ನರ್ವಸ್ ಆಗಿದ್ದೇನೆ" ಅಂತ ವಿವರಿಸುವುದು ಬೇಡ. ಆ ಮಾತು ಮುಗಿಯುವಷ್ಟರಲ್ಲಿ ಗಮನ ಪೂರ್ತಿ ನಿಮ್ಮ ಮೇಲೇ ತಿರುಗಿರುತ್ತದೆ, ವಿಷಯ ಇನ್ನೂ ದೂರ ಹೋಗಿರುತ್ತದೆ.

ಹತ್ತಾರು ಸಲ ಮಾತಾಡಿದ್ದೇನೆ, ಭಯ ಒಂದಿಷ್ಟೂ ಕಡಿಮೆಯಾಗಿಲ್ಲ. ಮಾಡುತ್ತಾ ಮಾಡುತ್ತಾ ಹೋಗುತ್ತದೆ ಅಂತಾರಲ್ಲ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಮಾತಾಡಿದರೆ ಸಾಲದು, ಹೇಗೆ ಮಾತಾಡಿದಿರಿ ಅನ್ನುವುದು ಮುಖ್ಯ. ಹೆದರಿದವರು ವೇದಿಕೆಯ ಮೇಲೆ ತಮಗೇ ಗೊತ್ತಿಲ್ಲದೆ ಹಲವು ರಕ್ಷಣೆಗಳನ್ನು ಕಟ್ಟಿಕೊಂಡಿರುತ್ತಾರೆ. ತಲೆ ಎತ್ತದೆ ಓದುವುದು. ಬೇಗ ಮುಗಿಯಲಿ ಅಂತ ಓಡಿಸುವುದು. ಯಾರ ಕಣ್ಣನ್ನೂ ನೋಡದೆ ಹಿಂದಿನ ಗೋಡೆ ನೋಡುವುದು. ಕೈ ಕಾಣಬಾರದು ಅಂತ ಜೇಬಿಗೆ ಹಾಕಿಕೊಳ್ಳುವುದು. ಬೆವರು ಕಾಣಬಾರದು ಅಂತ ಕಡು ಬಣ್ಣದ ಬಟ್ಟೆ. ಪ್ರಶ್ನೆ ಬರಬಾರದು ಅಂತ ಕೊನೆಯ ನಿಮಿಷದವರೆಗೂ ಮಾತು ಎಳೆಯುವುದು. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಅನ್ನುವ ಮನಃಶಾಸ್ತ್ರಜ್ಞರು 1995ರಲ್ಲಿ ಜನರ ಮುಂದಿನ ಭಯ ಯಾಕೆ ಹೋಗದೆ ಉಳಿಯುತ್ತದೆ ಅಂತ ವಿವರಿಸಿದಾಗ ಒತ್ತಿ ಹೇಳಿದ್ದರಲ್ಲಿ ಇದೂ ಒಂದು.

ಇದರಿಂದ ಆಗುವುದು ಏನು? ಮಾತು ಹೇಗೋ ಮುಗಿಯುತ್ತದೆ, ಅನಾಹುತ ಆಗುವುದಿಲ್ಲ. ಆದರೆ ನಿಮ್ಮ ಮನಸ್ಸು ಅದರಿಂದ ಕಲಿಯುವ ಪಾಠ "ಜನ ಅಷ್ಟೇನೂ ಕೆಟ್ಟವರಲ್ಲ" ಅಂತ ಅಲ್ಲ, "ಸದ್ಯ, ಓದಿಬಿಟ್ಟೆ, ಅದಕ್ಕೇ ಬಚಾವಾದೆ" ಅಂತ. ಹತ್ತು ಸಲ ಹಾಗೆ ಬಚಾವಾದರೆ ಹತ್ತು ಸಲವೂ ಅದೇ ಪಾಠ ಗಟ್ಟಿಯಾಗುತ್ತದೆ. ಮುಂದಿನ ಸಲ ಕಾಗದ ಇಲ್ಲದೆ ನಿಲ್ಲಿ ಅಂದರೆ ಭಯ ಮೊದಲ ದಿನದಷ್ಟೇ ಇರುತ್ತದೆ.

ಜೊತೆಗೆ ಕೆಲವು ರಕ್ಷಣೆಗಳೇ ತೊಂದರೆ ತರುತ್ತವೆ. ತಲೆ ತಗ್ಗಿಸಿ ಓಡಿಸಿದರೆ ಕೇಳುಗರಿಗೆ ಬೇಸರವಾಗುತ್ತದೆ, ಅವರ ಬೇಸರದ ಮುಖ ನೋಡಿ ನಿಮಗೆ "ನೋಡು, ನನ್ನ ಮಾತು ಯಾರಿಗೂ ಬೇಡ" ಅನಿಸುತ್ತದೆ.

ಹಾಗಾದರೆ ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ ಮಾಡುವುದು ಹೇಗೆ?

ಹತ್ತಿರ ಹತ್ತಿರ ಎಂಟು ಸಂದರ್ಭ ಬರೆದುಕೊಳ್ಳಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಭಯದ ಅಂಕ ಕೊಡಿ. ಹೀಗೆ ಅಂಕ ಕೊಡುವ ಪದ್ಧತಿಯನ್ನು ಜೋಸೆಫ್ ವೋಲ್ಪೆ ಅನ್ನುವ ಮನೋವೈದ್ಯರು ಬಳಕೆಗೆ ತಂದದ್ದು, ಚಿಕಿತ್ಸಕರು ಈಗಲೂ ಅದನ್ನೇ ಬಳಸುತ್ತಾರೆ. ಸೊನ್ನೆ ಅಂದರೆ ಏನೂ ಇಲ್ಲ, ನೂರು ಅಂದರೆ ಇದಕ್ಕಿಂತ ಹೆಚ್ಚು ಹೆದರಲು ಸಾಧ್ಯವೇ ಇಲ್ಲ. ಮೂವತ್ತರ ಆಸುಪಾಸಿನಿಂದ ಶುರು ಮಾಡಿ ಮೇಲಕ್ಕೆ ಹೋಗುವುದು.

ಒಂದು ಉದಾಹರಣೆ ಹಿಡಿಯೋಣ. ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬಾಕೆ, ಎರಡು ತಿಂಗಳ ನಂತರ 40 ಜನರ ಮುಂದೆ 10 ನಿಮಿಷ ವರದಿ ಒಪ್ಪಿಸಬೇಕು. ಹಿಂದೊಮ್ಮೆ ನಡುವೆ ಮಾತು ನಿಂತುಹೋಗಿತ್ತು, ಆವತ್ತಿನಿಂದ ಸ್ಲೈಡ್ ಕಡೆ ತಿರುಗಿ ಓದುವುದೇ ಅಭ್ಯಾಸ. ಅವರ ಪಟ್ಟಿ ಸುಮಾರಾಗಿ ಹೀಗಿರಬಹುದು.

- ಒಬ್ಬಳೇ ನಿಂತು ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ ನೋಡುವುದು: 25
- ಒಬ್ಬ ಗೆಳತಿಯ ಮುಂದೆ ಎದ್ದು ನಿಂತು ಮೂರು ನಿಮಿಷ: 35
- ವಾರದ ಮೀಟಿಂಗ್‌ನಲ್ಲಿ ಒಂದು ಪ್ರಶ್ನೆ ಕೇಳುವುದು: 45
- ಅದೇ ಮೀಟಿಂಗ್‌ನಲ್ಲಿ ಕಾಗದ ನೋಡದೆ ಒಂದು ನಿಮಿಷ ಕೆಲಸದ ವಿವರ ಹೇಳುವುದು: 55
- ಮೂರು ಸಹೋದ್ಯೋಗಿಗಳ ಮುಂದೆ, ಅದೇ ಕೋಣೆಯಲ್ಲಿ, ಐದು ನಿಮಿಷ: 65
- ಅದೇ ಮೂವರ ಮುಂದೆ, ನಡುವೆ ಬೇಕಂತಲೇ ಐದು ಸೆಕೆಂಡ್ ಮಾತು ನಿಲ್ಲಿಸಿ ಕಾರ್ಡ್ ನೋಡುವುದು: 75
- ಹತ್ತು ಜನರ ಮುಂದೆ ಪೂರ್ತಿ ವರದಿ, ಕೊನೆಗೆ ಪ್ರಶ್ನೆಗಳು: 80
- ನಿಜವಾದ ದಿನ: 95

ಪಟ್ಟಿ ಮಾಡುವುದು ಸುಲಭದ ಭಾಗ. ಕೆಲಸ ಇರುವುದು ಪ್ರತಿ ಮೆಟ್ಟಿಲಿಗೂ ಮುಂಚೆ ಒಂದು ಭವಿಷ್ಯ ಬರೆಯುವುದರಲ್ಲಿ. "ಭಯ ಆಗುತ್ತದೆ" ಅಂತ ಬರೆದರೆ ಪ್ರಯೋಜನ ಇಲ್ಲ, ಭಯ ಆಗಿಯೇ ಆಗುತ್ತದೆ. ಹೊರಗಿನವರು ನೋಡಿ ಹೌದು ಅಲ್ಲ ಅನ್ನಬಹುದಾದದ್ದನ್ನು ಬರೆಯಬೇಕು. ಆರನೇ ಮೆಟ್ಟಿಲಿಗೆ ಅವರು ಬರೆದದ್ದು ಇದು ಅಂದುಕೊಳ್ಳಿ: "ನಾನು ಮಾತು ನಿಲ್ಲಿಸಿದರೆ ಮೂವರಲ್ಲಿ ಒಬ್ಬರಾದರೂ ನಗುತ್ತಾರೆ ಇಲ್ಲವೇ ಏನಾಯಿತು ಅಂತ ಕೇಳುತ್ತಾರೆ, ಆಮೇಲೆ ನನಗೆ ಮತ್ತೆ ಶುರು ಮಾಡಲು ಆಗುವುದಿಲ್ಲ. ಹೀಗಾಗುವ ಸಾಧ್ಯತೆ ನೂರಕ್ಕೆ 80."

ಆಮೇಲೆ ಮಾಡಿ ನೋಡುತ್ತಾರೆ. ಐದು ಸೆಕೆಂಡ್ ಅವರಿಗೆ ಅರ್ಧ ನಿಮಿಷದ ಹಾಗೆ ಅನಿಸುತ್ತದೆ, ಎದೆ ಬಾಯಿಗೆ ಬರುತ್ತದೆ. ಕೇಳುತ್ತಿದ್ದವರಲ್ಲಿ ಒಬ್ಬರು ನೀರು ಕುಡಿಯುತ್ತಾರೆ, ಒಬ್ಬರು ಸ್ಲೈಡ್ ನೋಡುತ್ತಾರೆ, ಇನ್ನೊಬ್ಬರು ಕಾಯುತ್ತಾರೆ. ಮಾತು ಮತ್ತೆ ಶುರುವಾಗುತ್ತದೆ. ಮುಗಿದ ಮೇಲೆ ಅವರು ಬರೆಯಬೇಕಾದ್ದು ಮೂರು ಸಾಲು: ಏನಾಗುತ್ತದೆ ಅಂದುಕೊಂಡಿದ್ದೆ, ಏನಾಯಿತು, ಇದರಿಂದ ಗೊತ್ತಾದದ್ದು ಏನು. ಮಾತು ನಿಂತರೆ ಎಲ್ಲ ಮುಗಿಯಿತು ಅನ್ನುವ ನಂಬಿಕೆಗೆ ಪೆಟ್ಟು ಬೀಳುವುದು ಇಲ್ಲಿ. ನಿಲ್ಲದೇ ಮಾತಾಡಿದ ನೂರು ಭಾಷಣದಿಂದ ಇದು ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಹೆದರಿದ್ದು ನಡೆದೇ ಇರುವುದಿಲ್ಲ.

ಹಾಗಾಗಿ ನಿಮ್ಮ ಪಟ್ಟಿಯಲ್ಲೂ ನೀವು ಅತಿ ಹೆಚ್ಚು ಹೆದರುವ ಸಂಗತಿಯನ್ನೇ ಬೇಕಂತ ಮಾಡುವ ಒಂದು ಮೆಟ್ಟಿಲು ಇರಲಿ. ಕೈ ನಡುಕದ ಚಿಂತೆ ಇದ್ದವರು ಒಂದು ಸಲ ಎಲ್ಲರಿಗೂ ಕಾಣುವ ಹಾಗೆ ತೆಳ್ಳಗಿನ ಹಾಳೆ ಹಿಡಿದು ಮಾತಾಡಲಿ. ಮೇಲೆ ನಾನೇ ಬೇಡ ಅಂದ ಹಾಳೆ, ಹೌದು. ಅದು ತುರ್ತಿಗೆ ಹೇಳಿದ್ದು, ಇದು ಕಲಿಯುವುದಕ್ಕೆ.

ಒಂದು ಮೆಟ್ಟಿಲಲ್ಲಿ ಎಷ್ಟು ಸಲ ನಿಲ್ಲಬೇಕು? ಭಯ ಸೊನ್ನೆಯಾಗುವವರೆಗಾ?

ಬೇಡ. ಸೊನ್ನೆಗೆ ಕಾಯುತ್ತಾ ಕೂತವರು ಎರಡನೇ ಮೆಟ್ಟಿಲಲ್ಲೇ ವರ್ಷ ಕಳೆಯುತ್ತಾರೆ. ನಾನು ನೋಡುವ ಗುರುತು ಬೇರೆ: ಬರೆದ ಭವಿಷ್ಯ ಇನ್ನು ನಂಬಲಾಗುತ್ತಿಲ್ಲ ಅನ್ನುವ ಹಂತ ಬಂದರೆ ಮುಂದಕ್ಕೆ ಹೋಗಿ. 80 ಅಂತ ಶುರುವಾದ ಸಾಧ್ಯತೆ 20ಕ್ಕೆ ಬಂದಿದ್ದರೆ, ಎದೆ ಇನ್ನೂ ಡವಡವ ಅನ್ನುತ್ತಿದ್ದರೂ ಪರವಾಗಿಲ್ಲ. ಎರಡು ಮೂರು ಸಲಕ್ಕೇ ಇದು ಆಗುವುದುಂಟು, ಏಳೆಂಟು ಸಲ ಬೇಕಾಗುವುದೂ ಉಂಟು.

ಸಲಗಳ ನಡುವಿನ ಅಂತರ ಕಡಿಮೆ ಇರಲಿ. ತಿಂಗಳಿಗೊಂದು ದೊಡ್ಡ ಭಾಷಣಕ್ಕಿಂತ ವಾರಕ್ಕೆ ಮೂರು ಸಣ್ಣ ಮಾತು ಮೇಲು. ಜಾಗ, ಜನ, ವಿಷಯ ಬದಲಿಸುತ್ತಾ ಇರಿ. ಅದೇ ಕೋಣೆ, ಅದೇ ಮೂವರು ಅಂತಾದರೆ ಧೈರ್ಯ ಆ ಕೋಣೆಗಷ್ಟೇ ಅಂಟಿಕೊಳ್ಳುತ್ತದೆ, ಹೊಸ ಜಾಗಕ್ಕೆ ಹೋದಾಗ ಕೈಕೊಡುತ್ತದೆ.

ಒಂದು ಮೆಟ್ಟಿಲು ನಿಜವಾಗಿಯೂ ಕೆಟ್ಟದಾಗಿ ಹೋಯಿತು. ಯಾರೋ ನಕ್ಕರು ಕೂಡ.

ಆಗುತ್ತದೆ. ಆದಾಗ ಎರಡು ವಿಷಯ ನೋಡಿ. ನಡುವೆ ಬಿಟ್ಟು ಕೂತಿರಾ, ಮುಗಿಸಿ ಕೂತಿರಾ? ಮುಗಿಸಿದ್ದರೆ ಅದೇ ಮೆಟ್ಟಿಲನ್ನು ಎರಡು ಮೂರು ದಿನದೊಳಗೆ ಇನ್ನೊಮ್ಮೆ ಮಾಡಿ. ಬಿಟ್ಟು ಕೂತಿದ್ದರೆ ಅರ್ಧ ಮೆಟ್ಟಿಲು ಕೆಳಗಿಳಿಯಿರಿ, ಜನ ಕಡಿಮೆ ಮಾಡಿ ಅಥವಾ ಸಮಯ ಕಡಿಮೆ ಮಾಡಿ, ಆದರೆ ಅದೇ ವಾರ ಮಾಡಿ. ಬಿಟ್ಟು ಹೋದ ತಕ್ಷಣ ಸಿಗುವ ನೆಮ್ಮದಿ ಇದೆಯಲ್ಲ, ಅದು ತುಂಬ ಗಟ್ಟಿ. ಮುಂದಿನ ಸಲವೂ ಓಡಿ ಹೋಗು ಅಂತ ಕಲಿಸುವುದು ಅದೇ.

ಇನ್ನು ನಗು. ಯಾರೋ ನಕ್ಕರು, ಆಮೇಲೆ ಏನಾಯಿತು? ಕೆಲಸ ಹೋಯಿತಾ, ಮಾತು ಬಿಟ್ಟರಾ? ಅದನ್ನೂ ಮೂರನೇ ಸಾಲಿನಲ್ಲಿ ಬರೆಯಿರಿ. ಭವಿಷ್ಯದ ಒಂದು ಭಾಗ ನಿಜವಾದರೂ ಅದರ ಹಿಂದೆ ಬರಬೇಕಿದ್ದ ಅನಾಹುತ ಬಂದಿರುವುದಿಲ್ಲ. ನಿಜವಾಗಿ ಹೀಯಾಳಿಸುವ ಜನರೇ ಆಗಿದ್ದರೆ, ಅಭ್ಯಾಸಕ್ಕೆ ಅವರನ್ನು ಬಿಟ್ಟು ಬೇರೆಯವರನ್ನು ಹುಡುಕಿಕೊಳ್ಳುವುದು ತಪ್ಪೇನಲ್ಲ.

ಮಾತಿಗೆ ಮುಂಚೆ ಉಸಿರಾಟದ ಅಭ್ಯಾಸ, "ನಾನು ಶಾಂತ" ಅಂತ ಹೇಳಿಕೊಳ್ಳುವುದು, ಇವೆಲ್ಲ ಕೆಲಸ ಮಾಡುತ್ತವಾ?

ಉಸಿರಾಟ ಸ್ವಲ್ಪ ಮಟ್ಟಿಗೆ ಹೌದು. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಹೀಗೆ ಮೂರು ನಾಲ್ಕು ನಿಮಿಷ. ನಿಮಿಷಕ್ಕೆ ಸುಮಾರು ಆರು ಉಸಿರು ಆಗುತ್ತದೆ. ಉಸಿರು ಹೊರಗೆ ಹೋಗುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಅದಕ್ಕೇ ಹೊರ ಉಸಿರು ಉದ್ದ ಇರಬೇಕು. ಗಾಬರಿಯಲ್ಲಿ ದೊಡ್ಡ ದೊಡ್ಡ ಉಸಿರನ್ನು ಬೇಗ ಬೇಗ ಎಳೆದರೆ ತಲೆ ಸುತ್ತುತ್ತದೆ, ಬೆರಳು ಜುಮುಗುಡುತ್ತದೆ, ಆಮೇಲೆ ಅದಕ್ಕೇ ಇನ್ನಷ್ಟು ಗಾಬರಿ.

"ನಾನು ಶಾಂತ" ಅನ್ನುವುದರ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಎದೆ ಹೊಡೆದುಕೊಳ್ಳುತ್ತಿರುವಾಗ ಅದು ಸುಳ್ಳು ಅಂತ ನಿಮಗೇ ಗೊತ್ತು. ಆಲಿಸನ್ ವುಡ್ ಬ್ರೂಕ್ಸ್ ಅನ್ನುವ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ "ನನಗೆ ಹುರುಪಾಗಿದೆ" ಅಂತ ಹೇಳಿಕೊಂಡವರ ಮಾತು "ನಾನು ಶಾಂತವಾಗಿದ್ದೇನೆ" ಅಂದವರ ಮಾತಿಗಿಂತ ಚೆನ್ನಾಗಿ ಬಂದಿತ್ತು. ಹುರುಪಿನಲ್ಲೂ ಎದೆ ಹೊಡೆದುಕೊಳ್ಳುತ್ತದೆ, ಹಾಗಾಗಿ ದೇಹವನ್ನು ಬದಲಿಸುವ ಕೆಲಸ ತಪ್ಪುತ್ತದೆ, ಹೆಸರು ಬದಲಿಸಿದರೆ ಸಾಕು.

ಕನ್ನಡಿ ಮುಂದೆ ಅಭ್ಯಾಸ?

ಬೇಡ. ಮಾತಾಡುವಾಗ ನಿಮ್ಮ ಮುಖವನ್ನೇ ನೋಡಿಕೊಳ್ಳುವುದು ನಾವು ಬಿಡಿಸಬೇಕಾದ ಚಟ, ಕನ್ನಡಿ ಅದನ್ನೇ ಕಲಿಸುತ್ತದೆ. ಆನ್‌ಲೈನ್ ಮೀಟಿಂಗ್‌ನಲ್ಲೂ ಇದೇ ತೊಂದರೆ. ನಿಮ್ಮದೇ ವಿಡಿಯೋವನ್ನು ನಿಮಗೆ ಕಾಣದ ಹಾಗೆ ಮರೆಮಾಡುವ ಆಯ್ಕೆ ಇದ್ದರೆ ಬಳಸಿ.

ಮುಗಿಸಿ ಬಂದ ಮೇಲೆ ರಾತ್ರಿಯೆಲ್ಲ ಅದೇ ತಲೆಯಲ್ಲಿ ಸುತ್ತುತ್ತದೆ.

ಈ ಮೆಲುಕು ತುಂಬ ಹಾನಿ ಮಾಡುತ್ತದೆ, ಆದರೂ ಇದರ ಬಗ್ಗೆ ಮಾತಾಡುವವರು ಕಡಿಮೆ. ಮಲಗಿದ ಮೇಲೆ ನೆನಪಾಗುವುದು ನಡೆದದ್ದಲ್ಲ, ನಿಮಗೆ ಒಳಗೆ ಅನಿಸಿದ್ದು. ಅದನ್ನು ಇಪ್ಪತ್ತು ಸಲ ಓಡಿಸಿದ ಮೇಲೆ ಸಾಧಾರಣವಾಗಿ ಹೋದ ಮಾತೂ ಅವಮಾನದ ಕಥೆಯಾಗಿರುತ್ತದೆ. ಮುಂದಿನ ಸಲದ ಭಯ ಆ ಕಥೆಯಿಂದಲೇ ಶುರುವಾಗುತ್ತದೆ.

ಮೇಲೆ ಹೇಳಿದ ಮೂರು ಸಾಲನ್ನು ಮಾತು ಮುಗಿದ ಒಂದು ಗಂಟೆಯೊಳಗೆ ಬರೆದುಬಿಡಿ. ಕಂಡದ್ದು, ಕೇಳಿದ್ದು ಮಾತ್ರ. "ಅವರಿಗೆ ಬೇಸರ ಆಗಿತ್ತು" ಅನ್ನುವುದು ಕಂಡದ್ದಲ್ಲ, "ಇಬ್ಬರು ಫೋನ್ ನೋಡಿದರು" ಅನ್ನುವುದು ಕಂಡದ್ದು. ರಾತ್ರಿ ಮತ್ತೆ ಶುರುವಾದರೆ, ಅದರ ಜೊತೆ ವಾದ ಮಾಡಬೇಡಿ, "ಇದು ಬರೆದಾಗಿದೆ" ಅಂತ ಹೇಳಿಕೊಂಡು ಬೇರೆ ಯಾವುದಕ್ಕಾದರೂ ಗಮನ ತಿರುಗಿಸಿ.

ಮಾತ್ರೆ ಇದೆಯಂತಲ್ಲ?

ಇದೆ. ಪ್ರೊಪ್ರನೊಲಾಲ್ ಅಂತ, ಬೀಟಾ ಬ್ಲಾಕರ್ ಗುಂಪಿನ ಔಷಧಿ. 1960ರ ದಶಕದಲ್ಲಿ ಹೃದಯದ ತೊಂದರೆಗಾಗಿ ಬಂದದ್ದು, ಸಂಗೀತಗಾರರು ಮತ್ತು ಭಾಷಣ ಮಾಡುವವರು ಕೈ ನಡುಕಕ್ಕೆ ಬಳಸಿದ್ದಾರೆ. ಅಡ್ರಿನಲಿನ್ ಹೃದಯ, ಸ್ನಾಯುಗಳ ಮೇಲೆ ಮಾಡುವ ಕೆಲಸವನ್ನು ತಡೆಯುತ್ತದೆ, ಹಾಗಾಗಿ ನಡುಕ ಮತ್ತು ಎದೆ ಬಡಿತ ಇಳಿಯುತ್ತವೆ. ತಲೆಯಲ್ಲಿನ ಚಿಂತೆ ಮಾತ್ರ ಹಾಗೇ ಉಳಿಯಬಹುದು. ಆಸ್ತಮಾ ಇರುವವರಿಗೆ ಇದು ಅಪಾಯ, ಹೃದಯ ಬಡಿತ ಅಥವಾ ರಕ್ತದೊತ್ತಡ ಮೊದಲೇ ಕಡಿಮೆ ಇರುವವರಿಗೂ ಆಗುವುದಿಲ್ಲ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರಾ ಇಳಿದಾಗಿನ ಮುನ್ಸೂಚನೆಗಳನ್ನು ಮರೆಸಿಬಿಡುತ್ತದೆ. ವೈದ್ಯರು ನೋಡಿ ಬರೆದುಕೊಟ್ಟರೆ ಮಾತ್ರ, ಗೆಳೆಯರ ಹತ್ತಿರ ಇಸಕೊಂಡು ಅಲ್ಲ. ಬರೆದುಕೊಟ್ಟರೂ ಮೊದಲ ಸಲ ಬೇರೆ ಕೆಲಸವಿಲ್ಲದ ದಿನ ತೆಗೆದುಕೊಂಡು ನೋಡುವ ಬಗ್ಗೆ ಅವರನ್ನೇ ಕೇಳಿ. ಮಾತ್ರೆಯೂ ಒಂದು ರಕ್ಷಣೆಯೇ, ಅದಿಲ್ಲದೆ ಆಗುವುದಿಲ್ಲ ಅನ್ನುವ ಪಾಠ ಕಲಿಸಬಹುದು.

ಮದ್ಯದ ಬಗ್ಗೆ ಕೇಳಿದವರಿಗೆ: ಧೈರ್ಯ ಬಂದ ಹಾಗೆ ಅನಿಸುತ್ತದೆ, ಪದ ಸಿಗುವುದು ಇನ್ನೂ ಕಷ್ಟವಾಗುತ್ತದೆ.

ಚಿಕಿತ್ಸಕರ ಹತ್ತಿರ ಯಾವಾಗ ಹೋಗಬೇಕು?

ಮಾತಾಡಬೇಕಾಗುತ್ತದೆ ಅಂತ ಬಡ್ತಿ ಬಿಟ್ಟಿದ್ದರೆ, ಕೋರ್ಸ್ ಬದಲಿಸಿದ್ದರೆ, ವಾರಗಟ್ಟಲೆ ಮುಂಚೆಯೇ ನಿದ್ದೆ ಊಟ ಕೆಟ್ಟಿದ್ದರೆ, ಅಥವಾ ವೇದಿಕೆ ಅಷ್ಟೇ ಅಲ್ಲ, ಜನರ ಮುಂದೆ ಊಟ ಮಾಡುವುದು, ಫೋನ್‌ನಲ್ಲಿ ಮಾತಾಡುವುದೂ ಕಷ್ಟವಾಗಿದ್ದರೆ ತಡ ಮಾಡಬೇಡಿ. ಮನಃಶಾಸ್ತ್ರಜ್ಞರಲ್ಲಿ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಎರಡನ್ನೂ ಬದಲಿಸುವ ಚಿಕಿತ್ಸೆ, ಮಾಡುವವರನ್ನು ಕೇಳಿ. ಈ ಪುಟದಲ್ಲಿರುವ ಮೆಟ್ಟಿಲಿನ ಕೆಲಸವನ್ನೇ ಅವರು ಜೊತೆಗಿದ್ದು ಮಾಡಿಸುತ್ತಾರೆ. ಬರೀ ಮಾತು ಕೇಳಿ ಕಳಿಸುತ್ತಿದ್ದು, ಎದ್ದು ನಿಂತು ಮಾತಾಡುವ ಅಭ್ಯಾಸವನ್ನೇ ಕೊಡದಿದ್ದರೆ ಅದರ ಬಗ್ಗೆ ನೇರವಾಗಿ ಕೇಳಿ.

ಚಿಕ್ಕಂದಿನಿಂದ ತೊದಲು ಇರುವವರ ವಿಷಯ ಬೇರೆ, ಅವರು ಮೊದಲು ವಾಕ್ ಚಿಕಿತ್ಸಕರನ್ನು ನೋಡುವುದು ಒಳ್ಳೆಯದು.

ಒಮ್ಮೆ ಹೋಗಿದ್ದ ಭಯ ಒಂದು ವರ್ಷದ ನಂತರ ವಾಪಸ್ ಬಂದಿದೆ. ಮಾಡಿದ್ದೆಲ್ಲ ದಂಡವಾ?

ಅಲ್ಲ. ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಪಾಠ ಕೂರುತ್ತದೆ. ಬಹಳ ದಿನ ಬಿಟ್ಟರೆ, ಅಥವಾ ಒಮ್ಮೆಲೇ ದೊಡ್ಡ ಸಭೆ, ಗೊತ್ತಿಲ್ಲದ ಜಾಗ ಎದುರಾದರೆ ಹಳೆಯದು ಮೊದಲು ತಲೆ ಎತ್ತುತ್ತದೆ. ಹಳೆಯ ಪಟ್ಟಿ ತೆಗೆದು, ನಿಂತಿದ್ದ ಜಾಗದಿಂದ ಎರಡು ಮೆಟ್ಟಿಲು ಕೆಳಗಿಂದ ಮತ್ತೆ ಶುರು ಮಾಡಿ. ಈ ಸಲ ಮೊದಲಿನಷ್ಟು ಸಮಯ ಹಿಡಿಯುವುದಿಲ್ಲ. ಮುಂದಿನ ದೊಡ್ಡ ಸಭೆ ಯಾವಾಗ ಅಂತ ಮೊದಲೇ ಗೊತ್ತಿದ್ದರೆ ಮೂರು ವಾರ ಮುಂಚಿನಿಂದ ಮೀಟಿಂಗ್‌ಗಳಲ್ಲಿ ಒಂದು ನಿಮಿಷದ ಮಾತುಗಳನ್ನು ನೀವೇ ಕೇಳಿ ತೆಗೆದುಕೊಳ್ಳಿ.